ಒಂದು ಸೀರೆಯ ಮಜೂರಿಯಲ್ಲಿ ಎಷ್ಟು ಕೆಲಸಗಳಿವೆ?

ಮಾನವ ಸಂಪನ್ಮೂಲ ವಿಷಯದ ಪ್ರಶ್ನೆಪತ್ರಿಕೆಗಳಲ್ಲಿ ಕಾರ್ಯ ಮೌಲ್ಯಮಾಪನ ಮತ್ತು ಪ್ರೋತ್ಸಾಹಕ ವೇತನ ಎಂಬ ಎರಡು ಭಾಗಗಳು ಬೇರೆ ಬೇರೆಯಾಗಿ ಬರುತ್ತವೆ. ಒಂದು ಕೆಲಸಕ್ಕೆ ಅದೇ ಸಂಸ್ಥೆಯ ಇತರ ಕೆಲಸಗಳ ಎದುರು ಎಷ್ಟು ತೂಕ ಸಲ್ಲಬೇಕು ಎಂಬುದನ್ನು, ಆ ಕೆಲಸ ಮಾಡುವ ವ್ಯಕ್ತಿ ಯಾರೆಂದು ನೋಡದೆ, ನಿರ್ಧರಿಸುವುದು ಕಾರ್ಯ ಮೌಲ್ಯಮಾಪನ. ಹಾಗೆ ನಿರ್ಧಾರವಾದ ಮೂಲ ದರದ ಮೇಲೆ, ವ್ಯಕ್ತಿ ನಿಗದಿಗಿಂತ ಹೆಚ್ಚು ಅಥವಾ ಬೇಗ ದುಡಿದಾಗ ಎಷ್ಟು ಹೆಚ್ಚುವರಿ ಕೊಡಬೇಕೆಂದು ಹೇಳುವುದು ಪ್ರೋತ್ಸಾಹಕ ವೇತನ ಯೋಜನೆ. ಮೊದಲನೆಯದು ಕೆಲಸವನ್ನು ಅಳೆದರೆ ಎರಡನೆಯದು ದುಡಿಮೆಯನ್ನು ಅಳೆಯುತ್ತದೆ, ಮತ್ತು ಈ ಎರಡರ ನಡುವಿನ ಕ್ರಮ ತಿರುವುಮುರುವಾದರೆ ಏನಾಗುತ್ತದೆ ಎಂಬುದನ್ನು ನೋಡಲು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗಕ್ಕಿಂತ ಸ್ಪಷ್ಟವಾದ ಸ್ಥಳ ಸಿಗುವುದು ಕಷ್ಟ. ಬಹುಕಾಲ ಹುನಗುಂದ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಈ ಊರಿನಲ್ಲಿ, ಹಳೆಯ ಬಾದಾಮಿ ತಾಲೂಕಿಗೆ ಸೇರಿದ್ದ ಗುಳೇದಗುಡ್ಡದ ಖಣದ ಮಗ್ಗಗಳಲ್ಲಿ ಇರುವಂತೆಯೇ, ಕೂಲಿ ನಡೆಯುವುದು ನೇಯ್ದ ವಸ್ತುವಿನ ಲೆಕ್ಕದ ಮೇಲೆ: ಇಂಥ ಸೀರೆಗೆ ಇಷ್ಟು ಮಜೂರಿ. ಆ ಒಂದು ಅಂಕಿಯೊಳಗೆ ಹಲವು ಕೆಲಸಗಳ ಬೆಲೆ ಅಡಗಿದೆ, ಆದರೆ ಅವುಗಳಲ್ಲಿ ಯಾವುದರ ಬೆಲೆಯನ್ನೂ ಯಾರೂ ಬಿಡಿಬಿಡಿಯಾಗಿ ಕಟ್ಟಿಲ್ಲ.

ಇಳಕಲ್ ಸೀರೆಯ ರಚನೆಯೇ ಈ ಪ್ರಶ್ನೆಯನ್ನು ಬೇರೆ ಸೀರೆಗಳಿಗಿಂತ ತೀವ್ರಗೊಳಿಸುತ್ತದೆ. ಸಾಮಾನ್ಯ ಮಗ್ಗದಲ್ಲಿ ಉದ್ದನೆಯ ಒಂದು ಹಾಸನ್ನು ಹೂಡಿ ಅದರ ಮೇಲೆ ಹಲವು ಸೀರೆಗಳನ್ನು ಸಾಲಾಗಿ ನೇಯ್ದುಕೊಂಡು ಹೋಗಬಹುದು. ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಅಥವಾ ಕೃತಕ ರೇಷ್ಮೆಯ ಹಾಸು ಬೇರೆ, ದಡಿಯದು ಇನ್ನೂ ಬೇರೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದರೊಳಗೊಂದು ಕುಣಿಕೆಯಂತೆ ಸಿಕ್ಕಿಸಿ ಜೋಡಿಸುವ ಕೊಂಡಿ ಎಂಬ ಕ್ರಮವಿರುವುದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧವಾಗಬೇಕು, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಬೀಳಬೇಕು. ಟೋಪು ತೆನಿ ಸೆರಗಿನ ಗಟ್ಟಿ ಕೆಂಪು ನಿಂತಿರುವುದು ಈ ಜೋಡಣೆಯ ಮೇಲೆಯೇ. ನೇಯುವವರು ಕುಣಿಯೊಳಗೆ ಕಾಲಿಳಿಬಿಟ್ಟು ಲಾಳಿ ಎಸೆಯುವ ಮೊದಲೇ ನೂಲಿಗೆ ಬಣ್ಣ ಹಾಕುವುದು, ಹಾಸು ಮಾಡುವುದು, ಕೊಂಡಿ ಹಾಕುವುದು ಮುಗಿದಿರಬೇಕು, ಹೊಕ್ಕಿನ ನೂಲನ್ನು ಲಾಳಿಯೊಳಗಿಡುವ ಕಂಡಿಕೆಗಳಿಗೆ ಸುತ್ತುವುದು ನೇಯ್ಗೆಯ ಜೊತೆಜೊತೆಗೇ ನಡೆಯುತ್ತಿರಬೇಕು. ಇವುಗಳಲ್ಲಿ ಬಣ್ಣ ಮತ್ತು ಹಾಸು ಹೆಚ್ಚಾಗಿ ಬೇರೆಯವರ ಕಸುಬು; ಕೊಂಡಿ ಮತ್ತು ಕಂಡಿಕೆ ಬಹುಮಟ್ಟಿಗೆ ಮನೆಯವರ, ಅದರಲ್ಲೂ ಹೆಂಗಸರ ಪಾಲು.

ಈ ಐದು ಕೆಲಸಗಳಿಗೆ ಬೆಲೆ ಕಟ್ಟುವ ಅತ್ಯಂತ ಸರಳ ಹಾದಿ ಶ್ರೇಯಾಂಕ ವಿಧಾನ. ಕೆಲಸಗಳನ್ನು ಬಿಡಿಸಿ ನೋಡದೆ, ಇಡಿಯಾಗಿ ಒಂದರೊಡನೊಂದನ್ನು ಹೋಲಿಸಿ, ಮೇಲಿನಿಂದ ಕೆಳಗೆ ಸಾಲು ಹಿಡಿಸುವುದೇ ಅದರ ತಿರುಳು. ನೆನಪಿನ ಪಕ್ಷಪಾತ ನುಸುಳದಂತೆ ಜೋಡಿ ಹೋಲಿಕೆ ಮಾಡುವುದುಂಟು. ಕೆಲಸಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಜೋಡಿಗಳೆಷ್ಟೆಂದು ತಿಳಿಯುತ್ತದೆ, ಆದ್ದರಿಂದ ಐದು ಕೆಲಸಗಳಿಗೆ ಹತ್ತು ಹೋಲಿಕೆಗಳು ಸಾಕು. ಊರಿನ ರೂಢಿ ಬಲ್ಲವರು ಕುಳಿತು ಸಾಲು ಹಿಡಿಸಿದರೆ ನೇಯುವುದು ಮೊದಲಿಗೆ, ಬಣ್ಣ ಹಾಕುವುದು ಎರಡನೆಯದಕ್ಕೆ, ಕೊಂಡಿ ಮೂರಕ್ಕೆ, ಹಾಸು ನಾಲ್ಕಕ್ಕೆ, ಕಂಡಿಕೆ ಕೊನೆಗೆ ಬಂದು ನಿಲ್ಲುವುದು ಸಹಜ. ಅಷ್ಟೇ ಸಹಜವಾಗಿ ಕೊಂಡಿ ಮತ್ತು ಕಂಡಿಕೆ ಪಟ್ಟಿಯೊಳಗೇ ಬರದಿರಬಹುದು, ಏಕೆಂದರೆ ಮನೆಯೊಳಗಿನ ದುಡಿಮೆಯನ್ನು ಕೆಲಸವೆಂದು ಎಣಿಸುವ ರೂಢಿಯಿಲ್ಲ, ಮತ್ತು ಶ್ರೇಯಾಂಕ ವಿಧಾನದಲ್ಲಿ ಪಟ್ಟಿಗೆ ಏನು ಬರಬೇಕೆಂದು ಕೇಳುವ ಯಾವ ಸಾಧನವೂ ಇಲ್ಲ. ಇದರ ಇನ್ನೊಂದು ಮಿತಿಯೇ ಪರೀಕ್ಷೆಗಳಲ್ಲಿ ಇದನ್ನು ಸಂಖ್ಯಾತ್ಮಕವಲ್ಲದ ವಿಧಾನವೆಂದು ಗುರುತಿಸುವುದಕ್ಕೆ ಕಾರಣ: ಮೊದಲನೆಯದು ಎರಡನೆಯದಕ್ಕಿಂತ ಮೇಲು ಎಂದಷ್ಟೇ ಅದು ಹೇಳುತ್ತದೆ, ಎಷ್ಟು ಮೇಲು ಎಂದು ಹೇಳುವುದಿಲ್ಲ.

ಎಷ್ಟು ಎಂಬುದಕ್ಕೆ ಉತ್ತರಿಸಲು 1920ರ ದಶಕದಲ್ಲಿ ಅಮೆರಿಕದ ಮೆರಿಲ್ ಲಾಟ್ ರೂಪಿಸಿದ್ದು ಅಂಕ ವಿಧಾನ, ಅಂದರೆ ಪಾಯಿಂಟ್ ಪದ್ಧತಿ. ಇಲ್ಲಿ ಕೆಲಸವನ್ನು ಇಡಿಯಾಗಿ ನೋಡದೆ, ಎಲ್ಲ ಕೆಲಸಗಳಲ್ಲೂ ಹೆಚ್ಚುಕಡಿಮೆ ಪ್ರಮಾಣದಲ್ಲಿರುವ ಕೆಲವು ಅಂಶಗಳನ್ನು ಆರಿಸಿಕೊಂಡು, ಪ್ರತಿ ಅಂಶಕ್ಕೆ ಗರಿಷ್ಠ ಅಂಕ ನಿಗದಿ ಮಾಡಿ, ಅಂಶದೊಳಗೆ ಹಂತಗಳನ್ನು ವಿವರಿಸಿ, ಆಮೇಲೆ ಪ್ರತಿ ಕೆಲಸವೂ ಯಾವ ಹಂತದಲ್ಲಿದೆ ಎಂದು ನೋಡಿ ಅಂಕ ಕೂಡಿಸುತ್ತಾರೆ. 1950ರ ಜಿನೀವಾ ಸಮ್ಮೇಳನದ ನಂತರ ಹೆಚ್ಚು ಬಳಕೆಗೆ ಬಂದ ವಿಂಗಡಣೆಯಲ್ಲಿ ಕೌಶಲ, ಶ್ರಮ, ಹೊಣೆ ಮತ್ತು ಕೆಲಸದ ಪರಿಸ್ಥಿತಿ ಎಂಬ ನಾಲ್ಕು ಅಂಶಗಳಿವೆ. ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘದ ಪ್ರಸಿದ್ಧ ಯೋಜನೆಯಲ್ಲಿ ಕೌಶಲಕ್ಕೆ ಶೇ. 50, ಹೊಣೆಗೆ ಶೇ. 20, ಶ್ರಮಕ್ಕೂ ಪರಿಸ್ಥಿತಿಗೂ ತಲಾ ಶೇ. 15 ತೂಕವಿದೆ. ಒಟ್ಟು 500 ಅಂಕಗಳೆಂದುಕೊಂಡು, ಪ್ರತಿ ಅಂಶವನ್ನು ಐದು ಸಮಾನ ಹಂತಗಳಾಗಿ ಮಾಡಿದರೆ ಕೌಶಲದ ಒಂದು ಹಂತಕ್ಕೆ 50, ಹೊಣೆಯ ಒಂದು ಹಂತಕ್ಕೆ 20, ಶ್ರಮ ಮತ್ತು ಪರಿಸ್ಥಿತಿಯ ಒಂದೊಂದು ಹಂತಕ್ಕೆ 15 ಅಂಕ ಬೀಳುತ್ತದೆ.

ಈ ಅಳತೆಗೋಲನ್ನು ಇಳಕಲ್ಲಿನ ಮಗ್ಗಕ್ಕೆ ಹಿಡಿದು ನೋಡಬಹುದು. ಇಲ್ಲಿ ಕೊಡುವ ಹಂತಗಳೂ ಮುಂದೆ ಬರುವ ರೂಪಾಯಿಗಳೂ ಲೆಕ್ಕ ತೋರಿಸಲು ಹಿಡಿದವು, ಪೇಟೆಯ ದರಗಳಲ್ಲ. ನೇಯುವ ಕೆಲಸಕ್ಕೆ ಕೌಶಲದಲ್ಲಿ ನಾಲ್ಕನೆಯ ಹಂತ, ಶ್ರಮದಲ್ಲಿ ನಾಲ್ಕು, ಹೊಣೆಯಲ್ಲಿ ನಾಲ್ಕು, ಕುಣಿಯ ತೇವವನ್ನು ಗಣಿಸಿ ಪರಿಸ್ಥಿತಿಯಲ್ಲಿ ಮೂರು ಎಂದರೆ ಒಟ್ಟು 385 ಅಂಕ. ಬಿಸಿನೀರು, ಹಬೆ, ರಾಸಾಯನಿಕಗಳ ನಡುವಿನ ಬಣ್ಣದ ಕೆಲಸಕ್ಕೆ ಪರಿಸ್ಥಿತಿಯಲ್ಲಿ ಐದನೆಯ ಹಂತವನ್ನೇ ಕೊಟ್ಟು, ಕೌಶಲ ಮತ್ತು ಶ್ರಮದಲ್ಲಿ ಮೂರು, ಹೊಣೆಯಲ್ಲಿ ನಾಲ್ಕು ಹಿಡಿದರೆ 350. ಕೊಂಡಿಗೆ ಕೌಶಲ ನಾಲ್ಕು, ಒಂದು ಎಳೆ ತಪ್ಪಿದರೂ ಸೆರಗು ಕೆಡುವುದರಿಂದ ಹೊಣೆ ನಾಲ್ಕು, ಶ್ರಮ ಎರಡು, ಪರಿಸ್ಥಿತಿ ಎರಡು, ಒಟ್ಟು 340. ಹಾಸಿಗೆ ಇದೇ ಕ್ರಮದಲ್ಲಿ 285, ಎಲ್ಲದರಲ್ಲೂ ಎರಡನೆಯ ಹಂತದಲ್ಲಿರುವ ಕಂಡಿಕೆಗೆ 200. ಸಾಲು ಶ್ರೇಯಾಂಕ ವಿಧಾನದಲ್ಲಿ ಬಂದದ್ದೇ, ಆದರೆ ಮೆಟ್ಟಿಲುಗಳ ಎತ್ತರ ಈಗ ಕಾಣುತ್ತದೆ: ಬಣ್ಣಕ್ಕೂ ಕೊಂಡಿಗೂ ನಡುವೆ ಬರೀ 10 ಅಂಕ, ಹಾಸಿಗೂ ಕಂಡಿಕೆಗೂ ನಡುವೆ 85.

ಈ 10 ಅಂಕದ ಅಂತರವೇ ಅಂಕ ವಿಧಾನದ ಸೂಕ್ಷ್ಮ ಎಲ್ಲಿದೆ ಎಂದು ತೋರಿಸುತ್ತದೆ. ಮೇಲಿನ ಲೆಕ್ಕದಲ್ಲಿ ಶ್ರಮ ಎಂದರೆ ಮೈಯ ಶ್ರಮ ಮಾತ್ರ. ಕುಳಿತು ಎಳೆಗೆ ಎಳೆ ಸಿಕ್ಕಿಸುವ ಕೊಂಡಿಗೆ ಆದ್ದರಿಂದ ಎರಡೇ ಹಂತ ಸಿಕ್ಕಿತು. ಆದರೆ ಅದೇ ಅಮೆರಿಕನ್ ಯೋಜನೆಯಲ್ಲಿ ದೈಹಿಕ ಶ್ರಮ ಒಂದು ಉಪಾಂಶವಾದರೆ, ಮನಸ್ಸು ಮತ್ತು ಕಣ್ಣಿನ ಶ್ರಮ ಇನ್ನೊಂದು. ಕಣ್ಣನ್ನೂ ಲೆಕ್ಕಕ್ಕೆ ತಂದು ಕೊಂಡಿಯ ಶ್ರಮವನ್ನು ನಾಲ್ಕನೆಯ ಹಂತಕ್ಕೆ ಏರಿಸಿದರೆ ಅದರ ಮೊತ್ತ 370 ಆಗಿ ಬಣ್ಣದ ಕೆಲಸವನ್ನು ದಾಟಿ ಎರಡನೆಯ ಸ್ಥಾನಕ್ಕೆ ಬರುತ್ತದೆ. ಅಂಕಗಳಿರುವುದರಿಂದ ವಿಧಾನ ವಸ್ತುನಿಷ್ಠ ಎಂದು ಪಠ್ಯಗಳು ಹೇಳುವುದು ಅರ್ಧ ನಿಜ. ಕೂಡಿಸುವುದಷ್ಟೇ ವಸ್ತುನಿಷ್ಠ, ಯಾವುದನ್ನು ಕೂಡಿಸಬೇಕು ಎಂಬುದು ಹಂತಗಳ ವಿವರಣೆ ಬರೆದವರ ಕೈಯಲ್ಲಿದೆ. ಹೆಂಗಸರು ಹೆಚ್ಚಾಗಿ ಮಾಡುವ ಕೆಲಸಗಳಲ್ಲಿ ಬೆರಳಿನ ಚುರುಕು, ಕಣ್ಣಿನ ದಣಿವು, ಸಹನೆ ಇವು ಅಂಶಗಳ ಪಟ್ಟಿಯಿಂದಲೇ ಬಿಟ್ಟುಹೋಗಿ, ಭಾರ ಎತ್ತುವುದು ಮಾತ್ರ ಉಳಿದರೆ, ಆ ಪಕ್ಷಪಾತ ಅಂಕಿಗಳ ಮರೆಯಲ್ಲಿ ಕೂರುವುದರಿಂದ ಅದನ್ನು ಹುಡುಕುವುದು ಇನ್ನೂ ಕಷ್ಟ. ಹೀಗಾಗಿದೆಯೇ ಎಂದು ತಿಳಿಯುವ ಬಗೆ ಒಂದಿದೆ: ಒಂದೊಂದೇ ಅಂಶವನ್ನು ತೆಗೆದು ಅಥವಾ ಒಡೆದು ಮತ್ತೆ ಮೊತ್ತ ಮಾಡಿ, ಯಾವ ಕೆಲಸ ಎಷ್ಟು ಅಲುಗುತ್ತದೆ ಎಂದು ನೋಡುವುದು.

ಅಂಕಗಳನ್ನು ಹಣಕ್ಕೆ ಇಳಿಸಲು ದರದ ಬಗ್ಗೆ ತಕರಾರಿಲ್ಲದ ಒಂದೆರಡು ಕೆಲಸಗಳನ್ನು ಆಧಾರವಾಗಿ ಹಿಡಿದು ಅವುಗಳ ನಡುವೆ ಗೆರೆ ಎಳೆಯುತ್ತಾರೆ. ನೇಯುವುದಕ್ಕೆ ಎಂಟು ಗಂಟೆಯ ದಿನಕ್ಕೆ 400 ರೂಪಾಯಿ, ಕಂಡಿಕೆಗೆ 215 ರೂಪಾಯಿ ಎಂದು ಒಪ್ಪಿಕೊಂಡರೆ 185 ಅಂಕಗಳ ಅಂತರಕ್ಕೆ 185 ರೂಪಾಯಿಗಳ ಅಂತರ ಹೊಂದುತ್ತದೆ. ಅಂದರೆ ಅಂಕಕ್ಕೆ ಒಂದು ರೂಪಾಯಿ, ಮೇಲೆ 15 ರೂಪಾಯಿ. ಈ ಗೆರೆಯ ಮೇಲೆ 370 ಅಂಕಗಳ ಕೊಂಡಿಗೆ ದಿನಕ್ಕೆ 385 ರೂಪಾಯಿ ಆಗುತ್ತದೆ. ಈಗ ಒಂದು ಸೀರೆಗೆ ನೇಯ್ಗೆ 40 ಗಂಟೆ, ಕಂಡಿಕೆ 8 ಗಂಟೆ, ಕೊಂಡಿ 4 ಗಂಟೆ ಬೇಕೆಂದರೆ ಮನೆಯ ಒಟ್ಟು ದುಡಿಮೆಯ ಬೆಲೆ 2,000 ಮತ್ತು 215 ಮತ್ತು 192.50, ಕೂಡಿ 2,407 ರೂಪಾಯಿ 50 ಪೈಸೆ. ಮಜೂರಿ 2,000 ರೂಪಾಯಿ ಎಂದು ನಿಗದಿಯಾಗಿದ್ದರೆ ಅದು ಲಾಳಿ ಎಸೆದ ಕೈಗೆ ಮಾತ್ರ ಸರಿಯಾಯಿತು. 52 ಗಂಟೆಗಳಿಗೆ ಹಂಚಿದರೆ ಗಂಟೆಗೆ 50 ರೂಪಾಯಿಯ ದರ 38 ರೂಪಾಯಿ 46 ಪೈಸೆಗೆ ಇಳಿಯುತ್ತದೆ. ನೇಕಾರರ ಕೂಲಿ ಕಡಿಮೆ ಎಂಬ ದೂರನ್ನು ಎಲ್ಲರೂ ಕೇಳಿದ್ದಾರೆ. ಇಬ್ಬರ ಕೂಲಿ ಒಬ್ಬರ ಹೆಸರಿನಲ್ಲಿ ಬರುತ್ತಿದೆ ಎಂಬ ಮಾತು ಅದಕ್ಕಿಂತ ನಿಖರವಾದದ್ದು.

ಕೊಂಡಿಯಿಂದಾಗಿ ಇನ್ನೊಂದು ತೊಡಕೂ ಇದೆ. ಇಳಕಲ್ ಸೀರೆಗಳು ಆರು, ಎಂಟು, ಒಂಬತ್ತು ಗಜಗಳಲ್ಲಿ ಬರುತ್ತವೆ, ಆದರೆ ಗಜ ಹೆಚ್ಚಾದರೆ ನೇಯ್ಗೆ ಹೆಚ್ಚುತ್ತದೆಯೇ ಹೊರತು ಕೊಂಡಿ ಹೆಚ್ಚುವುದಿಲ್ಲ. ಆರು ಗಜಕ್ಕೆ 40 ಗಂಟೆ ಎಂದು ಹಿಡಿದರೆ ಒಂಬತ್ತು ಗಜಕ್ಕೆ 60 ಗಂಟೆ. ಕೊಂಡಿ ಎರಡಕ್ಕೂ ಅದೇ 4 ಗಂಟೆ. ನೇಯ್ಗೆ ಮತ್ತು ಕೊಂಡಿಯ ಒಟ್ಟು ಸಮಯದಲ್ಲಿ ಕೊಂಡಿಯದು ಮೊದಲನೆಯದರಲ್ಲಿ ಹನ್ನೊಂದರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಹದಿನಾರರಲ್ಲಿ ಒಂದು. ಆದ್ದರಿಂದ ಗಜದ ಲೆಕ್ಕದಲ್ಲಿ ಮಜೂರಿ ಕಟ್ಟಿದರೆ ಆರು ಗಜದ ಸೀರೆ ನೇಯುವ ಮನೆ ಪ್ರತಿ ಸೀರೆಗೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ, ಮತ್ತು ಹೊಸ ಗಿರಾಕಿಗಳು ಕೇಳುವುದು ಹೆಚ್ಚಾಗಿ ಆರು ಗಜದ್ದನ್ನೇ.

ಮೂಲ ದರ ಹೀಗೆ ಸಿದ್ಧವಾದ ಮೇಲೆ ಪ್ರೋತ್ಸಾಹಕ ಯೋಜನೆಗಳ ಮಾತು. ಎಲ್ಲ ಯೋಜನೆಗಳೂ ಪ್ರಮಾಣಿತ ಸಮಯ ಎಂಬ ಒಂದು ಅಂಕಿಯನ್ನು ಬೇಡುತ್ತವೆ. ಸಾಧಾರಣ ನಿಪುಣತೆಯ ಒಬ್ಬರು, ಎಳೆ ಹರಿದು ಗಂಟು ಹಾಕುವ ಹೊತ್ತು ಮತ್ತು ವಿಶ್ರಾಂತಿ ಸೇರಿ, ಕೆಲಸ ಮುಗಿಸಲು ತೆಗೆದುಕೊಳ್ಳಬೇಕಾದ ಸಮಯವದು. ಇಲ್ಲಿ ಅದು 40 ಗಂಟೆ. ಬರೀ ಸೀರೆ ಲೆಕ್ಕದ ಮಜೂರಿಯಲ್ಲಿ 30 ಗಂಟೆಯಲ್ಲಿ ಮುಗಿಸಿದವರಿಗೂ 50 ಗಂಟೆ ಹಿಡಿದವರಿಗೂ 2,000 ರೂಪಾಯಿಯೇ. ಫ್ರೆಡರಿಕ್ ಟೇಲರ್ 1895ರಲ್ಲಿ ಮಂಡಿಸಿದ ಭೇದಾತ್ಮಕ ದರ ಪದ್ಧತಿ ಇದನ್ನು ಇನ್ನಷ್ಟು ಕಠಿಣಗೊಳಿಸಿ, ನಿಗದಿ ಮುಟ್ಟಿದವರಿಗೆ ಮೇಲಿನ ದರ, ಮುಟ್ಟದವರಿಗೆ ಕೆಳಗಿನ ದರ ಎಂದಿತು. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬರುವಂತೆ ಶೇ. 120 ಮತ್ತು ಶೇ. 80 ಹಿಡಿದರೆ 40 ಗಂಟೆಗೆ ಮುಗಿಸಿದವರಿಗೆ 2,400, ನೂಲು ತಡವಾಗಿ ಬಂದೋ ಮಳೆಗಾಲದಲ್ಲಿ ಎಳೆ ಬಿಗಿತ ಕಳೆದುಕೊಂಡೋ 42 ಗಂಟೆ ಹಿಡಿದವರಿಗೆ 1,600. ಎರಡು ಗಂಟೆಗೆ 800 ರೂಪಾಯಿಯ ಈ ಕಂದಕ ಕಾರ್ಖಾನೆಯಲ್ಲಿ, ಅಂದರೆ ಕಚ್ಚಾ ಮಾಲು ಸರಿಯಾಗಿ ಒದಗಿಸುವ ಹೊಣೆ ಯಜಮಾನನ ಮೇಲಿರುವಲ್ಲಿ, ಸಮರ್ಥನೀಯವೇನೋ. ನೂಲು ಯಾವಾಗ ಬರುತ್ತದೆಂಬುದೇ ನೇಯುವವರ ಕೈಯಲ್ಲಿಲ್ಲದ ಮನೆಯ ಮಗ್ಗದಲ್ಲಿ ಅದು ದಂಡವಷ್ಟೇ.

ಇದಕ್ಕೆ ವಿರುದ್ಧ ದಿಕ್ಕಿನವು 1891ರಲ್ಲಿ ಅಮೆರಿಕದ ಫ್ರೆಡರಿಕ್ ಹಾಲ್ಸಿ ಮತ್ತು 1898ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ರೋವನ್ ಮುಂದಿಟ್ಟ ಯೋಜನೆಗಳು. ಎರಡರಲ್ಲೂ ದುಡಿದ ಗಂಟೆಗಳ ಕೂಲಿಗೆ ಖಾತರಿಯಿದೆ, ಆದ್ದರಿಂದ 50 ಗಂಟೆ ಹಿಡಿದವರಿಗೆ 2,500 ರೂಪಾಯಿ ಸಿಗುತ್ತದೆ. ಉಳಿಸಿದ ಸಮಯಕ್ಕೆ ಬೋನಸ್ ಎಷ್ಟು ಎಂಬಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಹಾಲ್ಸಿಯಲ್ಲಿ ಉಳಿತಾಯದ ಅರ್ಧ ಬೆಲೆ ದುಡಿದವರಿಗೆ. ರೋವನ್‌ನಲ್ಲಿ ಉಳಿಸಿದ ಸಮಯವು ಪ್ರಮಾಣಿತ ಸಮಯದ ಎಷ್ಟು ಪಾಲೋ, ದುಡಿದ ಗಂಟೆಗಳ ಕೂಲಿಯ ಅಷ್ಟು ಪಾಲು. 30 ಗಂಟೆಯಲ್ಲಿ ಮುಗಿದರೆ ಎರಡರಲ್ಲೂ ಮೂಲ ಕೂಲಿ 1,500. ಹಾಲ್ಸಿ ಬೋನಸ್ 250, ರೋವನ್ ಬೋನಸ್ 375. 20 ಗಂಟೆಯಲ್ಲಿ ಮುಗಿದರೆ ಎರಡೂ ಬೋನಸ್ 500 ಆಗಿ ಸಮನಾಗುತ್ತವೆ, ಮತ್ತು ಅರ್ಧ ಸಮಯ ಉಳಿದಾಗ ಹಾಲ್ಸಿ-ರೋವನ್ ಸಮ ಎಂಬ ಪರೀಕ್ಷೆಯ ನೆಚ್ಚಿನ ಉತ್ತರ ಇದೇ. ಅದನ್ನೂ ಮೀರಿ 10 ಗಂಟೆಗೆ ಇಳಿದರೆ ಹಾಲ್ಸಿ ಬೋನಸ್ 750ಕ್ಕೆ ಏರುತ್ತದೆ, ರೋವನ್ ಬೋನಸ್ 375ಕ್ಕೆ ಮರಳುತ್ತದೆ. ಹೀಗೆ ಇಳಿಯುವುದು ರೋವನ್ ಯೋಜನೆಯ ದೋಷವೆಂದು ಉತ್ತರಪತ್ರಿಕೆಗಳಲ್ಲಿ ಬರೆಯುವುದುಂಟು. ಅದು ಬೇಕೆಂದೇ ಇಟ್ಟ ತಡೆ. ನಾಲ್ಕನೆಯ ಒಂದು ಪಾಲು ಸಮಯದಲ್ಲಿ ಸೀರೆ ಮುಗಿಯಿತೆಂದರೆ ಪ್ರಮಾಣಿತ ಸಮಯವನ್ನೇ ತಪ್ಪಾಗಿ ಕಟ್ಟಲಾಗಿದೆ, ಇಲ್ಲವೇ ಬಟ್ಟೆಯಲ್ಲಿ ಏನೋ ಕಳೆದಿದೆ.

ಕಳೆಯುವುದು ಏನೆಂದು ಮಗ್ಗದ ಬಳಿ ಇರುವವರಿಗೆ ಗೊತ್ತು. ವೇಗಕ್ಕೆ ಹಣವಿದ್ದಾಗ ಅಂಗುಲಕ್ಕೆ ಬೀಳುವ ಹೊಕ್ಕಿನ ಎಳೆಗಳು ಕಡಿಮೆಯಾಗುತ್ತವೆ. ಉದ್ದ ಅಷ್ಟೇ, ಅಗಲ ಅಷ್ಟೇ, ಗಂಜಿ ಹಾಕಿದ ಬಟ್ಟೆ ಕೈಗೆ ಗಟ್ಟಿಯಾಗಿಯೇ ಹತ್ತುತ್ತದೆ, ಒಂದೆರಡು ಸಲ ಒಗೆದ ಮೇಲೆ ಜಾಳಾಗುತ್ತದೆ. ಇದನ್ನು ಹಿಡಿಯಲು ಎಳೆ ಎಣಿಸುವ ಸಣ್ಣ ಮಸೂರವೂ ತಕ್ಕಡಿಯೂ ಸಾಕು: ವಾರಕ್ಕೆ ಬರುವ ಸೀರೆಗಳ ಸಂಖ್ಯೆ ಏರುತ್ತಿದ್ದು ಪ್ರತಿ ಸೀರೆಯ ತೂಕ ಇಳಿಯುತ್ತಿದ್ದರೆ ಪ್ರೋತ್ಸಾಹಧನ ಗಾಳಿಗೆ ಹೋಗುತ್ತಿದೆ. ಇದರ ಇನ್ನೊಂದು ಮುಖ ದರ ಕಡಿತ. ನೇಯುವವರು ಬೇಗ ಮುಗಿಸಿ ಹೆಚ್ಚು ಗಳಿಸತೊಡಗಿದೊಡನೆ 40 ಗಂಟೆಯ ಕೆಲಸ 35ರದ್ದೆಂದು ತಿದ್ದಿದರೆ, ಅದು ಒಮ್ಮೆ ಆದ ಮೇಲೆ ಯಾರೂ ತಮ್ಮ ನಿಜವಾದ ವೇಗವನ್ನು ತೋರಿಸುವುದಿಲ್ಲ.

ಹಾಲ್ಸಿಯೂ ರೋವನ್ನೂ ನೇಯುವವರಿಗೆ ಹಿತವಾಗಿದ್ದರೂ ಇಳಕಲ್ಲಿನ ಮನೆ ಮಗ್ಗಕ್ಕೆ ಅವು ಬರಲಾರವು, ಏಕೆಂದರೆ ಅವು ದುಡಿದ ಗಂಟೆಗಳ ದಾಖಲೆ ಕೇಳುತ್ತವೆ. ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಸಾಹುಕಾರನಾಗಲಿ, ಸಹಕಾರ ಸಂಘವಾಗಲಿ, 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವಾಗಲಿ ಕಾಣುವುದು ಮುಗಿದ ಬಟ್ಟೆಯನ್ನು; ಅಡುಗೆ, ಮಕ್ಕಳು, ಹಬ್ಬ, ಹೊಲದ ಕೆಲಸದ ನಡುವೆ ಹಂಚಿಹೋದ ಗಂಟೆಗಳನ್ನಲ್ಲ. ಸೀರೆ ಲೆಕ್ಕದ ಮಜೂರಿ ಉಳಿದುಕೊಂಡಿರುವುದು ಯಾರದೋ ಹಟದಿಂದಲ್ಲ, ಅಳೆಯಲು ಸಿಗುವ ವಸ್ತು ಅದೊಂದೇ ಆದ್ದರಿಂದ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಪರಿಸ್ಥಿತಿ ಬೇರೆ: ಅಲ್ಲಿ ಪಾಳಿ ಇದೆ, ಗಂಟೆ ಇದೆ, ಆದರೆ ಲಾಳಿಯ ವೇಗ ಯಂತ್ರದ್ದು, ಆದ್ದರಿಂದ ಅಲ್ಲಿ ಅಳೆಯಬೇಕಾದದ್ದು ಮಗ್ಗ ನಿಂತುಹೋದ ನಿಮಿಷಗಳನ್ನು, ಮತ್ತು ಉಳಿತಾಯವನ್ನು ಹಾಲ್ಸಿಯಂತೆ ಅರ್ಧರ್ಧ ಹಂಚಿಕೊಳ್ಳುವುದರಲ್ಲಿ ಅನ್ಯಾಯವಿಲ್ಲ.

ಗಂಟೆಗಳ ದಾಖಲೆಯಿಲ್ಲದ ಕಡೆ ಖಾತರಿಯನ್ನು ದರದೊಳಗೇ ಕಟ್ಟಬೇಕಾಗುತ್ತದೆ, ಮತ್ತು ಕಾನೂನು ನೋಡುವುದೂ ಹಾಗೆಯೇ. 1948ರ ಕನಿಷ್ಠ ವೇತನ ಕಾಯ್ದೆ ತನ್ನ ಅನುಸೂಚಿಯ ಉದ್ಯೋಗಗಳಲ್ಲಿ, ಮಾಲು ಪಡೆದು ತನ್ನ ಮನೆಯಲ್ಲೇ ಮಾಡಿಕೊಡುವವರನ್ನೂ ಉದ್ಯೋಗಿ ಎಂಬ ವ್ಯಾಖ್ಯೆಯೊಳಗೆ ಸೇರಿಸಿತ್ತು. ಅದರ 17ನೆಯ ಕಲಮಿನ ಪ್ರಕಾರ, ಕನಿಷ್ಠ ಸಮಯ ದರ ಮಾತ್ರ ನಿಗದಿಯಾಗಿ ವಸ್ತುವಿನ ಲೆಕ್ಕದ ಕನಿಷ್ಠ ದರ ನಿಗದಿಯಾಗಿಲ್ಲದ ಕಡೆ, ವಸ್ತುವಿನ ಲೆಕ್ಕದಲ್ಲಿ ದುಡಿಯುವವರಿಗೂ ಆ ಸಮಯ ದರಕ್ಕಿಂತ ಕಡಿಮೆ ಸಿಗುವಂತಿರಲಿಲ್ಲ. 2019ರ ವೇತನ ಸಂಹಿತೆಯ 12ನೆಯ ಕಲಮಿನಲ್ಲೂ ಇದೇ ನಿಯಮವಿದೆ. ಆದರೆ ಇದನ್ನು ತಾಳೆ ನೋಡಲು ಮಜೂರಿಯನ್ನು ಗಂಟೆಗಳಿಂದ ಭಾಗಿಸಬೇಕು, ಮತ್ತು 40ರಿಂದ ಭಾಗಿಸಿದರೆ ಬರುವ ಉತ್ತರವೇ ಬೇರೆ, 52ರಿಂದ ಭಾಗಿಸಿದರೆ ಬರುವುದೇ ಬೇರೆ. ಆ ಹನ್ನೆರಡು ಗಂಟೆಗಳು ಲೆಕ್ಕಕ್ಕೆ ಬರಬೇಕಾದರೆ ಮಜೂರಿ ಚೀಟಿಯಲ್ಲಿ ಈಗಿರುವ ಒಂದು ಸಾಲಿನ ಜಾಗದಲ್ಲಿ ಮೂರು ಸಾಲುಗಳು ಬೇಕು: ನೇಯ್ಗೆಗೆ ಗಜದ ಮೇಲೆ ಏರುವ ದರ, ಕೊಂಡಿಗೆ ಸೀರೆಗೊಂದರಂತೆ ಗಜ ನೋಡದ ದರ, ಕಂಡಿಕೆಗೆ ಹೊಕ್ಕಿನ ನೂಲಿನ ತೂಕದ ಮೇಲೆ ದರ, ಮತ್ತು ಪ್ರತಿ ಸಾಲಿನ ಎದುರು ಆ ಕೆಲಸ ಮಾಡಿದವರ ಹೆಸರು.